ಸೇರಿಗೆ ಎಷ್ಟು, ರೂಪಾಯಿಗೆ ಎಷ್ಟು: ಫೋಟೊ ತೆಗೆದ ಕನ್ನಡ ಲೆಕ್ಕ ತಪ್ಪುವುದೆಲ್ಲಿ?

ಉಡುಪಿ, ಮಂಗಳೂರು ಕಡೆಯ ಹಳೆಯ ಮನೆಗಳ ಅಟ್ಟ ಗುಡಿಸಿದರೆ ಅಂಕಗಣಿತದ ಒಂದಾದರೂ ಪುಸ್ತಕವೋ ಅಜ್ಜನ ಕಾಲದ ಲೆಕ್ಕದ ಪಟ್ಟಿಯೋ ಸಿಗುತ್ತದೆ. ಅದರಲ್ಲಿ ಅಕ್ಷರಗಳೂ ಕನ್ನಡ, ಅಂಕಿಗಳೂ ಕನ್ನಡ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮೊಮ್ಮಗಳಿಗೆ ಅಕ್ಷರ ಹೇಗೋ ಓದಲು ಬರುತ್ತದೆ, ೬ ಯಾವುದು ೯ ಯಾವುದು ಎಂದರೆ ತಡವರಿಸುತ್ತಾಳೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಈಗ ಕನ್ನಡ ಮಾಧ್ಯಮದ ಗಣಿತ ಪುಸ್ತಕದಲ್ಲೂ ಇರುವುದು 1, 2, 3. ಹಾಗಾಗಿ ಅವಳು ಮೊಬೈಲಿನಲ್ಲಿ ಪುಟದ ಫೋಟೊ ತೆಗೆದು ಇಂಗ್ಲಿಷಿಗೆ ಅನುವಾದಿಸುತ್ತಾಳೆ. ಬಂದ ಇಂಗ್ಲಿಷನ್ನು ಇಟ್ಟುಕೊಂಡು ಲೆಕ್ಕ ಬಿಡಿಸುತ್ತಾಳೆ, ಇಲ್ಲವೇ ಅದನ್ನೂ ಮೊಬೈಲಿಗೇ ಬಿಡುತ್ತಾಳೆ. ಉತ್ತರ ಬರುತ್ತದೆ. ಪುಸ್ತಕದ ಕೊನೆಯ ಪುಟದಲ್ಲಿರುವ ಉತ್ತರಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ.

ಇಂಥ ಉತ್ತರಗಳನ್ನು ಹಿಂದಕ್ಕೆ ಜಾಡು ಹಿಡಿದು ನೋಡಿದರೆ ಕೂಡುವುದರಲ್ಲಿ, ಗುಣಿಸುವುದರಲ್ಲಿ ತಪ್ಪಾಗಿರುವುದು ಅಪರೂಪ. ತಪ್ಪು ಅದಕ್ಕೂ ಮುಂಚೆಯೇ ಹೊಕ್ಕಿರುತ್ತದೆ: ಅಂಕಿಯನ್ನು ಓದುವಾಗ, ವಿಭಕ್ತಿ ಪ್ರತ್ಯಯವನ್ನು ಇಂಗ್ಲಿಷಿಗೆ ತಿರುಗಿಸುವಾಗ, ಹಳೆಯ ಅಳತೆಯನ್ನು ಅರ್ಥ ಮಾಡಿಕೊಳ್ಳುವಾಗ. ಒಂದೇ ಲೆಕ್ಕವನ್ನು ಹಿಡಿದು ಮೂರನ್ನೂ ತೋರಿಸಬಹುದು. ಹಳೆಯ ಪುಸ್ತಕಗಳ ಧಾಟಿಯಲ್ಲೇ ನಾನು ಹೆಣೆದ ಲೆಕ್ಕ ಇದು:

"ಒಬ್ಬ ವರ್ತಕನು ಮುಡಿಯೊಂದಕ್ಕೆ ೨೮ ರೂಪಾಯಿಯಂತೆ ೧೦ ಮುಡಿ ಅಕ್ಕಿಯನ್ನು ಕೊಂಡನು. ಅದರಲ್ಲಿ ಕಾಲು ಭಾಗವನ್ನು ಸೇರಿಗೆ ೧೨ ಆಣೆಯಂತೆಯೂ ಉಳಿದುದನ್ನು ರೂಪಾಯಿಗೆ ಒಂದೂಕಾಲು ಸೇರಿನಂತೆಯೂ ಮಾರಿದನು. ಮುಡಿಗೆ ೪೨ ಸೇರಾದರೆ ಅವನಿಗೆ ಬಂದ ಲಾಭವೆಷ್ಟು?"

ಮೊದಲು ಸರಿಯಾದ ದಾರಿಯಲ್ಲಿ ಬಿಡಿಸಿಬಿಡೋಣ. ಹತ್ತು ಮುಡಿಗೆ ಕೊಟ್ಟದ್ದು 280 ರೂಪಾಯಿ. ಹತ್ತು ಮುಡಿ ಎಂದರೆ 420 ಸೇರು. ಅದರ ಕಾಲು ಭಾಗ 105 ಸೇರು. ಸೇರಿಗೆ 12 ಆಣೆಯಂತೆ 1260 ಆಣೆ. ರೂಪಾಯಿಗೆ 16 ಆಣೆಯಾದ್ದರಿಂದ ಅದು 78 ರೂಪಾಯಿ 12 ಆಣೆ. ಉಳಿದದ್ದು 315 ಸೇರು. ಒಂದು ರೂಪಾಯಿ ಕೊಟ್ಟವರಿಗೆ ಒಂದೂಕಾಲು ಸೇರು ಅಳೆದು ಕೊಟ್ಟರೆ 315ನ್ನು 1.25ರಿಂದ ಭಾಗಿಸಬೇಕು, 252 ರೂಪಾಯಿ. ಒಟ್ಟು ಬಂದದ್ದು 330 ರೂಪಾಯಿ 12 ಆಣೆ. ಲಾಭ 50 ರೂಪಾಯಿ 12 ಆಣೆ.

ಇನ್ನು ಇದನ್ನೇ ಫೋಟೊ ಮೂಲಕ ಕಳಿಸೋಣ.

ಮೊಬೈಲು ಮೊದಲು ಮಾಡುವ ಕೆಲಸ ಚಿತ್ರದಲ್ಲಿನ ಆಕಾರಗಳನ್ನು ಅಕ್ಷರಗಳನ್ನಾಗಿ ಗುರುತಿಸುವುದು. ಕನ್ನಡದಲ್ಲಿ ಇಲ್ಲಿಯೇ ಒಂದು ಹಳೆಯ ತಕರಾರು ಇದೆ. ಸೊನ್ನೆ ಅಂಕಿಯೂ ಅನುಸ್ವಾರವೂ ನೋಡಲು ಒಂದೇ ದುಂಡನೆಯ ಸುತ್ತು. ಬರೆಯುವ ಕೈಗೂ ಓದುವ ಕಣ್ಣಿಗೂ ಇದರಿಂದ ತೊಂದರೆಯಿಲ್ಲ, ಏಕೆಂದರೆ ಮಗ್ಗುಲಲ್ಲಿ ಏನಿದೆ ಎಂಬುದನ್ನು ನೋಡಿಯೇ ನಾವು ಅದು ಯಾವುದೆಂದು ತೀರ್ಮಾನಿಸುತ್ತೇವೆ. ಕಂಪ್ಯೂಟರಿನಲ್ಲಿ ಮಾತ್ರ ಇವೆರಡೂ ಬೇರೆ ಬೇರೆ. ಯೂನಿಕೋಡಿನಲ್ಲಿ ಅನುಸ್ವಾರದ ಸಂಖ್ಯೆ `U+0C82`, ಸೊನ್ನೆಯದು `U+0CE6`. ಬೆಂಗಳೂರನ್ನು "ಬೆ೦ಗಳೂರು" ಎಂದು ಸೊನ್ನೆ ಹಾಕಿ ಟೈಪ್ ಮಾಡಿದವರು ಎಷ್ಟೋ ಮಂದಿ. ಪರದೆಯ ಮೇಲೆ ವ್ಯತ್ಯಾಸ ಕಾಣುವುದೂ ಇಲ್ಲ. ಅಕ್ಷರ ಗುರುತಿಸುವ ತಂತ್ರಾಂಶವೂ ಇದೇ ತಪ್ಪನ್ನು ಎರಡೂ ದಿಕ್ಕಿನಲ್ಲಿ ಮಾಡುತ್ತದೆ. "ಕೊಂಡನು" ಎಂಬಲ್ಲಿ ಸೊನ್ನೆ ಬಂದು ಕೂತರೆ ಹೆಚ್ಚಿನ ಅಪಾಯವಿಲ್ಲ, ಪದ ಕೆಟ್ಟದ್ದು ಅನುವಾದದಲ್ಲಿ ಎದ್ದು ಕಾಣುತ್ತದೆ. ಅಪಾಯ ಇರುವುದು ೧೦ ಎಂಬುದು ೧ರ ಮುಂದೆ ಅನುಸ್ವಾರ ಆದಾಗ. ಅನುವಾದದ ಹಂತದಲ್ಲಿ ಆ ಅರ್ಥವಿಲ್ಲದ ಅನುಸ್ವಾರ ಸದ್ದಿಲ್ಲದೆ ಉದುರುತ್ತದೆ, ಹತ್ತು ಮುಡಿ ಒಂದು ಮುಡಿಯಾಗುತ್ತದೆ.

ಇನ್ನೊಂದು ಜೋಡಿ ಇದಕ್ಕಿಂತ ಮೋಜಿನದು. ಅರ್ಕಾವೊತ್ತು ಮತ್ತು ಒಂಬತ್ತು. "ವರ್ತಕ" ಎಂದು ಅಚ್ಚಾದಾಗ ತಕಾರದ ಮುಂದೆ ಬರುವ ಆ ಕೊಕ್ಕೆಗೂ ೯ಕ್ಕೂ ಅಷ್ಟೇನೂ ವ್ಯತ್ಯಾಸವಿಲ್ಲ. ಓದಿದ ಪಠ್ಯ "ವತ೯ಕನು" ಎಂದು ಬಂದರೆ ಲೆಕ್ಕದಲ್ಲಿ ಎಲ್ಲೂ ಇಲ್ಲದ ಒಂಬತ್ತೊಂದು ಹುಟ್ಟಿಕೊಳ್ಳುತ್ತದೆ. ಅನುವಾದವು ಅದನ್ನು ಬಿಸಾಡಬಹುದು, ಒಂಬತ್ತು ಜನ ವರ್ತಕರನ್ನೂ ಮಾಡಬಹುದು. ಇವಲ್ಲದೆ ೧ ಮತ್ತು ತಲೆಕಟ್ಟು ಮಾಸಿದ ಗ, ಮಸುಕಾದ ೬ ಮತ್ತು ೯, ತಲೆಯ ಭಾಗ ಒಂದೇ ರೀತಿ ಇರುವ ೨ ಮತ್ತು ೩ ಇವೆ. ನಮ್ಮ ಕರಾವಳಿಯ ಹಳೆಯ ಪುಸ್ತಕಗಳಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ಕಂದು ಚುಕ್ಕೆಗಳು ಬೇರೆ. ಎರಡು ಅಂಕಿಗಳ ನಡುವೆ ಅಂಥ ಒಂದು ಚುಕ್ಕೆ ಬಿದ್ದರೆ ಅದು ದಶಮಾಂಶ ಬಿಂದು.

ಸೊನ್ನೆ-ಅನುಸ್ವಾರದ ಗೊಂದಲವನ್ನು ಹಿಡಿಯಲು ಒಂದು ಸುಲಭ ಉಪಾಯವಿದೆ. ಅಂಕಿಯ ಮಗ್ಗುಲಲ್ಲಿರುವ ಸುತ್ತು ಸೊನ್ನೆ, ಅಕ್ಷರದ ಬೆನ್ನಿಗಿರುವುದು ಅನುಸ್ವಾರ. ಇಷ್ಟನ್ನೇ ನಿಯಮವಾಗಿ ಹಿಡಿದು ಪಠ್ಯವನ್ನು ತಿದ್ದಿದರೆ ಹೆಚ್ಚಿನವು ಸರಿಹೋಗುತ್ತವೆ. ಪೈಥಾನ್ ಬಲ್ಲವರಿಗೆ ಪರೀಕ್ಷೆ ಇನ್ನೂ ಸುಲಭ. ಆ ಭಾಷೆಗೆ ಕನ್ನಡ ಅಂಕಿಗಳು ನೇರವಾಗಿ ಗೊತ್ತು, ಬದಲಾಯಿಸಿ ಕೊಡಬೇಕಾಗಿಲ್ಲ:

```
int("೪೨")   # 42
int("೧೦")   # 10
int("೧ಂ")   # ValueError
```

ಮೂರನೆಯದು ಕಣ್ಣಿಗೆ ಹತ್ತರಂತೆಯೇ ಕಂಡರೂ ಅದರಲ್ಲಿರುವುದು ಅನುಸ್ವಾರ. ಅದಕ್ಕೇ ಯಂತ್ರ ಮುಷ್ಕರ ಹೂಡುತ್ತದೆ. ಹೂಡಲಿ, ಅದೇ ಒಳ್ಳೆಯದು. ಮೌನವಾಗಿ ಒಂದು ಎಂದು ಓದಿಕೊಳ್ಳುವ ಆ್ಯಪ್‌ಗಿಂತ ಓದಲಾರೆ ಎನ್ನುವ ಯಂತ್ರ ಎಷ್ಟೋ ಮೇಲು.

ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಹುಡುಕುವಂತೆ ಹೇಳಿದರೆ ಬೇರೆಯದೇ ಎಡವಟ್ಟು. ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶದಲ್ಲಿ `-l kan` ಎಂದು ಕೊಟ್ಟರೆ ಅದು ಕನ್ನಡವನ್ನಷ್ಟೇ ನೋಡುತ್ತದೆ. `-l kan+eng` ಎಂದರೆ ೪ರ ಆಕಾರ 8ಕ್ಕೂ ಹತ್ತಿರವಾಗಿ ತೋರಬಹುದು. ಅಂಕಿ ಗೊತ್ತಿಲ್ಲದ ಮಕ್ಕಳೂ ೪ನ್ನು ಎಂಟೆಂದೇ ಓದುವುದನ್ನು ನೋಡಿದ್ದೇನೆ. ಪುಟದಲ್ಲಿ ಇಂಗ್ಲಿಷ್ ಅಕ್ಷರವೇ ಇಲ್ಲದಿದ್ದರೆ ಇಂಗ್ಲಿಷನ್ನು ಹುಡುಕುವಂತೆ ಹೇಳಬಾರದು. ಮೊಬೈಲ್ ಆ್ಯಪ್‌ನಲ್ಲೂ ಭಾಷೆಯನ್ನು ತಾನೇ ಗುರುತಿಸಿಕೊಳ್ಳಲು ಬಿಡುವ ಬದಲು ಕನ್ನಡ ಎಂದು ನಾವೇ ಆರಿಸಬೇಕು. ತೆಲುಗಿನ ಲಿಪಿಯೂ ಅಂಕಿಗಳೂ ನಮ್ಮವಕ್ಕೆ ಎಷ್ಟು ಹತ್ತಿರ ಎಂಬುದು ಗೊತ್ತೇ ಇದೆ.

ಅಚ್ಚಾದ ಪುಸ್ತಕದ ಬದಲು ಕೈಬರಹದ ಪಟ್ಟಿಯಾದರೆ ಕಷ್ಟ ಹಲವು ಪಟ್ಟು. ಕೈಬರಹದ ಕನ್ನಡ ಅಂಕಿಗಳದೊಂದು ದತ್ತಸಂಚಯ 2019ರಲ್ಲಿ ಕನ್ನಡ-ಎಂನಿಸ್ಟ್ ಎಂಬ ಹೆಸರಿನಲ್ಲಿ ಹೊರಬಂತು. ತರಬೇತಿಗೆ 60,000 ಚಿತ್ರ, ಪರೀಕ್ಷೆಗೆ 10,000. ಅದರಲ್ಲೇ ಕಲಿತು ಅದರಲ್ಲೇ ಪರೀಕ್ಷೆ ಬರೆದ ಮಾದರಿ ನೂರಕ್ಕೆ ಸುಮಾರು 97 ಅಂಕಿಗಳನ್ನು ಸರಿಯಾಗಿ ಗುರುತಿಸಿತು. ಬೇರೆ ಜನ ಬರೆದ ಅಂಕಿಗಳ ಇನ್ನೊಂದು ಗುಂಪನ್ನು ಮುಂದಿಟ್ಟಾಗ ಅದು ಸುಮಾರು 76ಕ್ಕೆ ಇಳಿಯಿತು. ಅಂಕಿಯೊಂದರ ಮಟ್ಟಿಗೆ 76 ಅಷ್ಟು ಕೆಟ್ಟದಾಗಿ ಕೇಳಿಸದು. ಆದರೆ ನಮ್ಮ ಲೆಕ್ಕದಲ್ಲಿ ಇರುವುದು ೨, ೮, ೧, ೦, ೧, ೨, ೪, ೨ ಎಂದು ಒಟ್ಟು ಎಂಟು ಅಂಕಿ, ಎಂಟೂ ಸರಿಯಾಗಬೇಕು. ಒಂದೊಂದೂ ಸ್ವತಂತ್ರ ಎಂದು ಹಿಡಿದರೆ 0.97ನ್ನು ಎಂಟು ಸಲ ಗುಣಿಸಿದಾಗ 0.78, 0.76ನ್ನು ಎಂಟು ಸಲ ಗುಣಿಸಿದಾಗ 0.11. ಅಂದರೆ ಅಪರಿಚಿತ ಕೈಬರಹದ ಇಂಥ ಒಂಬತ್ತು ಲೆಕ್ಕಗಳಲ್ಲಿ ಒಂದು ಮಾತ್ರ ಪೂರ್ತಿ ಸರಿಯಾಗಿ ಓದಿಸಿಕೊಳ್ಳುತ್ತದೆ. ಗಣಿತದ ಲೆಕ್ಕಕ್ಕೂ ಕತೆ, ಸುದ್ದಿಗೂ ಇರುವ ವ್ಯತ್ಯಾಸ ಇದು: ಸುದ್ದಿಯಲ್ಲಿ ಒಂದಕ್ಷರ ತಪ್ಪಿದರೆ ಓದುಗ ಸರಿಪಡಿಸಿಕೊಂಡು ಮುಂದೆ ಹೋಗುತ್ತಾನೆ, ೨೮ರ ಬದಲು ೩೮ ಬಿದ್ದರೆ ಸರಿಪಡಿಸಲು ಯಾವ ಸುಳಿವೂ ಇರುವುದಿಲ್ಲ.

ಅಂಕಿಗಳೆಲ್ಲ ಸರಿಯಾಗಿಯೇ ಬಂದವು ಎಂದಿಟ್ಟುಕೊಳ್ಳೋಣ. ನನ್ನ ಪ್ರಕಾರ ನಿಜವಾದ ಬಲೆ ಇರುವುದು ಇನ್ನು ಮುಂದೆ. ಲೆಕ್ಕದಲ್ಲಿ "ಸೇರಿಗೆ ೧೨ ಆಣೆಯಂತೆ" ಎಂದೂ "ರೂಪಾಯಿಗೆ ಒಂದೂಕಾಲು ಸೇರಿನಂತೆ" ಎಂದೂ ಎರಡು ದರಗಳಿವೆ. ಮೊದಲನೆಯದು ಒಂದು ಸೇರಿನ ಬೆಲೆ. ಎರಡನೆಯದು ಒಂದು ರೂಪಾಯಿಗೆ ಸಿಗುವ ಅಕ್ಕಿ. ಒಂದರಲ್ಲಿ ಗುಣಿಸಬೇಕು, ಇನ್ನೊಂದರಲ್ಲಿ ಭಾಗಿಸಬೇಕು. ಇದನ್ನು ಹೇಳುವುದು "ಗೆ" ಎಂಬ ಒಂದೇ ಪ್ರತ್ಯಯ: ಅದು ಯಾವುದಕ್ಕೆ ಹತ್ತಿದೆಯೋ ಅದು ಒಂದರ ಲೆಕ್ಕ, ಅದೇ ಭಾಜಕದ ಜಾಗಕ್ಕೆ ಹೋಗಬೇಕಾದದ್ದು. ಹಿಂದೆ ಅಂಗಡಿಯಲ್ಲಿ ರೂಪಾಯಿಗೆ ಎಷ್ಟು ತೆಂಗಿನಕಾಯಿ, ರೂಪಾಯಿಗೆ ಎಷ್ಟು ಬಂಗುಡೆ ಎಂದು ಕೇಳಿ ಬೆಳೆದವರಿಗೆ ಇದು ಉಸಿರಾಟದಷ್ಟು ಸಹಜ. ಈಗಿನ ಅಂಗಡಿಗಳಲ್ಲಿ ದರ ಎಂದರೆ ಕಿಲೋಗೆ ಇಷ್ಟು ರೂಪಾಯಿ ಎಂದೇ. ಅನುವಾದದ ಯಂತ್ರಗಳೂ ಈ ಕಾಲದ ಪಠ್ಯಗಳನ್ನೇ ಹೆಚ್ಚಾಗಿ ಓದಿ ಬೆಳೆದಿರುವುದರಿಂದ ಎರಡನ್ನೂ ಸೇರಿನ ಬೆಲೆ ಎಂದೇ ತಿರುಗಿಸುವ ಅಪಾಯವಿದೆ. ಆಗ ಇಂಗ್ಲಿಷಿನಲ್ಲಿ ಬರುವುದು ಸೇರಿಗೆ ಒಂದೂಕಾಲು ರೂಪಾಯಿ.

ಪರಿಣಾಮ ನೋಡಿ. 315ನ್ನು 1.25ರಿಂದ ಗುಣಿಸಿದರೆ 393 ರೂಪಾಯಿ 12 ಆಣೆ. ಮೊದಲ ಭಾಗದ 78 ರೂಪಾಯಿ 12 ಆಣೆ ಸೇರಿಸಿದರೆ 472 ರೂಪಾಯಿ 8 ಆಣೆ. ಲಾಭ 192 ರೂಪಾಯಿ 8 ಆಣೆ. ಅಚ್ಚುಕಟ್ಟಾದ ಉತ್ತರ, ಚಿಲ್ಲರೆ ಕೂಡ ಒಡೆದಿಲ್ಲ. ಇಂಗ್ಲಿಷ್ ಅನುವಾದ ಮಾತ್ರ ಕೈಯಲ್ಲಿರುವವರು ಇದನ್ನು ಅನುಮಾನಿಸಲು ಕಾರಣವೇ ಇಲ್ಲ.

ಕಾರಣ ಸಿಗುವುದು ವ್ಯಾಪಾರದ ಬುದ್ಧಿಯಿಂದ ನೋಡಿದರೆ. ವರ್ತಕ ಮುಡಿಗೆ 28 ರೂಪಾಯಿ ಕೊಟ್ಟಿದ್ದಾನೆ, ಅಂದರೆ ಸೇರಿಗೆ 10 ಆಣೆ 8 ಪೈ. ಕಾಲು ಭಾಗವನ್ನು 12 ಆಣೆಗೆ ಮಾರಿದ್ದಾನೆ. ಸರಿಯಾದ ಓದಿನಲ್ಲಿ ಉಳಿದದ್ದಕ್ಕೆ ಅವನಿಗೆ ಸೇರಿಗೆ 12.8 ಆಣೆ ಸಿಕ್ಕಿದೆ, ಎರಡೂ ಮಾರಾಟದ ದರ ಒಂದಕ್ಕೊಂದು ಹತ್ತಿರ. ತಪ್ಪು ಓದಿನಲ್ಲಿ ಅದೇ ಅಕ್ಕಿಯನ್ನು 20 ಆಣೆಗೆ ಮಾರಿದಂತಾಯಿತು. 20 ಆಣೆಗೆ ಕೊಳ್ಳುವವರು ಇದ್ದರೆ ಕಾಲು ಭಾಗವನ್ನು 12ಕ್ಕೆ ಕೊಡಲು ಅವನಿಗೇನು ಹುಚ್ಚೇ? ಹೀಗೆ ಪ್ರತಿ ದರವನ್ನೂ ಒಂದೇ ಅಳತೆಗೆ ತಂದು ಪಕ್ಕಪಕ್ಕ ಇಟ್ಟು ನೋಡುವುದು ಉತ್ತರವನ್ನು ಇನ್ನೊಮ್ಮೆ ಕೂಡಿ ನೋಡುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

"ಇಂದ" ಎಂಬ ಪ್ರತ್ಯಯದ ಕತೆಯೂ ಇಂಥದ್ದೇ. "೫ರಿಂದ ೪೦ನ್ನು ಭಾಗಿಸಿ" ಎಂದರೆ ಐದು ಭಾಜಕ. "೫ನ್ನು ೪೦ರಿಂದ ಕಳೆಯಿರಿ" ಎಂದರೆ ನಲವತ್ತರಲ್ಲಿ ಐದನ್ನು ತೆಗೆಯಬೇಕು. ಭಾಗಿಸುವಾಗ "ಇಂದ" ಹತ್ತಿರುವುದು ಕೊಯ್ಯುವ ಕತ್ತಿಗೆ, ಕಳೆಯುವಾಗ ಹತ್ತಿರುವುದು ಕೊಯ್ಯಿಸಿಕೊಳ್ಳುವ ರಾಶಿಗೆ. ಕನ್ನಡದಲ್ಲಿ ಪದಗಳ ಕ್ರಮ ಹೇಗಿದ್ದರೂ ಪ್ರತ್ಯಯ ಅರ್ಥವನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಬಹುಪಾಲು ಕ್ರಮದ್ದು. ಅಚ್ಚಿನಲ್ಲಿ ಪ್ರತ್ಯಯ ಅಂಕಿಗೇ ಅಂಟಿಕೊಂಡಿರುವುದರಿಂದ ಫೋಟೊ ಓದುವಾಗ ಅದು ಹರಿದುಹೋಗುವ ಸಂಭವವೂ ಉಂಟು. ಪ್ರತ್ಯಯ ಹೋದ ಮೇಲೆ ಉಳಿಯುವುದು ೫, ೪೦ ಮತ್ತು ಒಂದು ಕ್ರಿಯಾಪದ, ಯಾವುದು ಮೇಲೆ ಯಾವುದು ಕೆಳಗೆ ಎಂಬುದು ಊಹೆಗೆ ಬಿಟ್ಟದ್ದು.

ಪದಗಳ ಪಾಡನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಕಾಲು ಎಂದರೆ ನಡೆಯುವ ಕಾಲೂ ಹೌದು, ಸೇರು ಎಂದರೆ ಕೂಡು ಎಂಬ ಕ್ರಿಯೆಯೂ ಹೌದು, ಮುಡಿ ತಲೆಯ ಮೇಲೂ ಇದೆ, ಆಣೆ ದೇವರ ಮೇಲೂ ಇಡುತ್ತಾರೆ. ಕೊಂಡನು ಎಂಬಲ್ಲಿ ಡಕಾರ ದಕಾರವಾಗಿ ಓದಿಸಿಕೊಂಡರೆ ವರ್ತಕ ಅಕ್ಕಿಯನ್ನು ಕೊಂದೇಬಿಡುತ್ತಾನೆ. ಇವೆಲ್ಲ ನಗು ತರಿಸುವ ತಪ್ಪುಗಳು, ಹಾಗಾಗಿಯೇ ನಿರುಪದ್ರವಿ. ಕೇಡಾಗುವುದು ನಗು ಬಾರದ ತಪ್ಪುಗಳಿಂದ.

ಅಂಥದ್ದೊಂದು ಆಣೆಯ ವಿಷಯ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದ ಮೇಲೆ ರೂಪಾಯಿ ನೂರು ಭಾಗವಾಯಿತು; ಅದಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅನುವಾದದಲ್ಲಿ ಆಣೆ ಪೈಸೆಯಾಗಿಬಿಟ್ಟರೆ 105 ಸೇರಿಗೆ ಬರುವುದು ಬರೀ 12 ರೂಪಾಯಿ 60 ಪೈಸೆ. 252ಕ್ಕೆ ಅದನ್ನು ಕೂಡಿದರೆ 264 ರೂಪಾಯಿ 60 ಪೈಸೆ. ಕೊಟ್ಟದ್ದೇ 280. ಲೆಕ್ಕ ಕೇಳಿದ್ದು ಲಾಭ, ಬಂದದ್ದು 15 ರೂಪಾಯಿ 40 ಪೈಸೆ ನಷ್ಟ. ಇಲ್ಲಿ ಪ್ರಶ್ನೆಯೇ ತಪ್ಪನ್ನು ಹಿಡಿದುಕೊಟ್ಟಿತು.

ಪುಸ್ತಕದ ಕೊನೆಯಲ್ಲಿ ಉತ್ತರವಿದ್ದರೆ ಅದು "೫೦-೧೨-೦" ಎಂದು ಇರುತ್ತದೆ. ರೂಪಾಯಿ, ಆಣೆ, ಪೈಗಳನ್ನು ಅಡ್ಡಗೆರೆ ಹಾಕಿ ಬರೆಯುವುದು ಆಗಿನ ರೂಢಿ. ಅದರ ಫೋಟೊ ತೆಗೆದು ತಾಳೆ ನೋಡಲು ಹೋದವರಿಗೆ ಯಂತ್ರ ಅದನ್ನು ವ್ಯವಕಲನವೆಂದು ತಿಳಿದು 38 ಎಂದರೆ ಅಚ್ಚರಿಪಡಬೇಕಾಗಿಲ್ಲ.

ಸೊನ್ನೆ ಉದುರಿ ಹತ್ತು ಮುಡಿ ಒಂದಾದ ಸಂದರ್ಭಕ್ಕೆ ಮರಳಿದರೆ, ಅಲ್ಲೂ ಒಂದು ಸುಳಿವಿದೆ. ಎಲ್ಲವೂ ಹತ್ತನೇ ಒಂದಾಗಿ ಲಾಭ 5.075 ರೂಪಾಯಿಗೆ ಇಳಿಯುತ್ತದೆ. ಅಂದರೆ 5 ರೂಪಾಯಿ 1 ಆಣೆ 2.4 ಪೈ. ಲೆಕ್ಕ ಹೆಣೆಯುವ ಮೇಷ್ಟ್ರು ಮಕ್ಕಳಿಗೆ ಉತ್ತರ ಸಲೀಸಾಗಿ ಬರುವಂತೆ ಅಂಕಿಗಳನ್ನು ಆರಿಸಿರುತ್ತಾರೆ. ಪೈಯ ಚೂರು ಉಳಿಯಿತು ಎಂದರೆ ಎಲ್ಲೋ ಒಂದು ಅಂಕಿ ತಪ್ಪಾಗಿ ಓದಿಸಿಕೊಂಡಿದೆ ಎಂದು ಮೊದಲು ಅನುಮಾನಿಸಬೇಕು. ಆದರೆ ಈ ಪರೀಕ್ಷೆಯನ್ನೇ ನಂಬಿ ಕೂರುವಂತಿಲ್ಲ. ೪೨ ಎಂಬುದು 82 ಎಂದು ಓದಿಸಿಕೊಂಡರೆ ಹತ್ತು ಮುಡಿಗೆ 820 ಸೇರು, ಕಾಲು ಭಾಗಕ್ಕೆ 153 ರೂಪಾಯಿ 12 ಆಣೆ, ಉಳಿದದ್ದಕ್ಕೆ 492 ರೂಪಾಯಿ, ಲಾಭ 365 ರೂಪಾಯಿ 12 ಆಣೆ. ಪೈಯ ಚೂರು ಇಲ್ಲವೇ ಇಲ್ಲ. 280 ರೂಪಾಯಿಯ ಅಕ್ಕಿಗೆ 365 ರೂಪಾಯಿ ಲಾಭವೇ ಎಂದು ಹುಬ್ಬೇರಿಸಬಹುದು, ಅಷ್ಟೇ. ಇದನ್ನು ಥಟ್ಟನೆ ಹಿಡಿಯಬಲ್ಲವರು ಯಂತ್ರವೂ ಅಲ್ಲ, ಗಣಿತ ಬಲ್ಲವರೂ ಅಲ್ಲ. ಬೈಹುಲ್ಲಿನಲ್ಲಿ ಮುಡಿ ಕಟ್ಟುವುದನ್ನು ನೋಡಿದ ಹಿರಿಯರೊಬ್ಬರು ಮನೆಯಲ್ಲಿದ್ದರೆ, ಮುಡಿಗೆ 82 ಸೇರು ಎಂದ ಕೂಡಲೇ ಫೋಟೊವನ್ನು ಇನ್ನೊಮ್ಮೆ ನೋಡಲು ಹೇಳುತ್ತಾರೆ.

ಹೀಗಾಗಿ ನಾನು ಕೇಳಿದವರಿಗೆ ಹೇಳುವ ಕ್ರಮ ಇಷ್ಟೇ. ಫೋಟೊದಿಂದ ನೇರವಾಗಿ ಉತ್ತರಕ್ಕೆ ಜಿಗಿಯಬೇಡಿ. ಚಿತ್ರವನ್ನು ನೋಡಿ ಒಂದೇ ಉಸಿರಿಗೆ ಬಿಡಿಸಿಕೊಡುವ ಹೊಸ ಸಾಧನಗಳಲ್ಲಿ ಓದಿದ್ದೇನು, ಊಹಿಸಿದ್ದೇನು ಎಂಬುದು ಉತ್ತರದ ನಯವಾದ ಭಾಷೆಯಲ್ಲಿ ಮುಚ್ಚಿಹೋಗುತ್ತದೆ. ಮೊದಲು ಕನ್ನಡ ಪಠ್ಯವನ್ನಷ್ಟೇ ತೆಗೆಸಿ, ಅದರಲ್ಲಿರುವ ಅಂಕಿಗಳನ್ನು ಪುಟದೊಂದಿಗೆ ಬೆರಳಿಟ್ಟು ಒಂದೊಂದಾಗಿ ಹೋಲಿಸಿ. ನಮ್ಮ ಲೆಕ್ಕದಲ್ಲಿ ಅಂಕಿಯಲ್ಲಿ ಬರೆದ ಸಂಖ್ಯೆ ನಾಲ್ಕು. ಐದು ಬಂದರೂ ಮೂರು ಬಂದರೂ ಅಲ್ಲಿಗೇ ನಿಲ್ಲಬೇಕು. ಕಾಲು, ಒಂದೂಕಾಲು ಎಂದು ಅಕ್ಷರದಲ್ಲಿರುವವನ್ನು ಬೇರೆ ಗುರುತು ಹಾಕಿಕೊಳ್ಳಿ. ಆಮೇಲೆ "ಗೆ", "ಇಂದ", "ಅಂತೆ" ಹತ್ತಿರುವ ಕಡೆಗಳಲ್ಲಿ ಯಾವುದಕ್ಕೆ ಯಾವುದು ಎಂದು ಕನ್ನಡದಲ್ಲೇ ತೀರ್ಮಾನಿಸಿ, ನಂತರ ಬೇಕಾದರೆ ಇಂಗ್ಲಿಷಿಗೆ ಹೋಗಿ. ಫೋಟೊ ತೆಗೆಯುವಾಗ ಸಾಲಿನ ಕೆಳಗೆ ಸ್ವಲ್ಪ ಜಾಗ ಬಿಡಿ, ಬಿಗಿಯಾಗಿ ಕತ್ತರಿಸಿದರೆ ಒತ್ತಕ್ಷರಗಳು ಹೊರಗುಳಿಯುತ್ತವೆ. ಪುಸ್ತಕದ ಬೆನ್ನಿನ ಕಡೆ ಬಾಗಿದ ಸಾಲಿನ ತುದಿಯ ಅಂಕಿಗಳನ್ನು ಎರಡೆರಡು ಸಲ ನೋಡಿ.

ಇಷ್ಟೆಲ್ಲ ಮಾಡಿದರೂ ಬಗೆಹರಿಯದ ಒಂದು ತೊಡಕಿದೆ. ನಾನು ಹೆಣೆದ ಲೆಕ್ಕದಲ್ಲಿ ಮುಡಿಗೆ ಎಷ್ಟು ಸೇರು ಎಂಬುದನ್ನು ಪ್ರಶ್ನೆಯೊಳಗೇ ಹೇಳಿಬಿಟ್ಟಿದ್ದೇನೆ. ಪುಸ್ತಕಗಳು ಯಾವಾಗಲೂ ಅಷ್ಟು ಉದಾರವಾಗಿರುವುದಿಲ್ಲ. ಕೋಷ್ಟಕ ಬೇರೆ ಪುಟದಲ್ಲಿ ಇರಬಹುದು, ಲೆಕ್ಕದ ಫೋಟೊದಲ್ಲಿ ಅದು ಬಾರದು. ಆ ಸಂಖ್ಯೆ ಇಲ್ಲದ ಯಂತ್ರ ಎಲ್ಲಿಂದಲೋ ಒಂದನ್ನು ತಂದು ಹಾಕುತ್ತದೆ. ಸೇರು ಎಂದರೆ 80 ತೊಲದ, ಸುಮಾರು 933 ಗ್ರಾಂ ತೂಕ ಎಂದು ಹೇಳಿ ಕಿಲೋಗೂ ತಿರುಗಿಸಿಬಿಡಬಹುದು. ಆದರೆ ಅಕ್ಕಿಯನ್ನು ಸೇರಿನಲ್ಲಿ ಅಳೆದದ್ದು ಪಾತ್ರೆಯಿಂದ, ತಕ್ಕಡಿಯಿಂದಲ್ಲ, ಮತ್ತು ಆ ಪಾತ್ರೆ ಊರಿಂದ ಊರಿಗೆ ಬೇರೆಯಾಗಿತ್ತು. ಆದ್ದರಿಂದ ಲೆಕ್ಕವನ್ನು ಸೇರು, ಆಣೆಗಳಲ್ಲೇ ಮುಗಿಸುವುದು ಕ್ಷೇಮ, ಮತ್ತು ಲೆಕ್ಕದ ಜೊತೆಗೆ ಅದೇ ಪುಸ್ತಕದ ಕೋಷ್ಟಕದ ಪುಟವನ್ನೂ ಹುಡುಕಿ ಫೋಟೊ ತೆಗೆಯಬೇಕು. ಆ ಪುಟ ಗೆದ್ದಲಿಗೆ ಹೋಗಿದ್ದರೆ, ಕೊನೆಯಲ್ಲಿ ಅಚ್ಚಾದ ಉತ್ತರವೊಂದನ್ನು ಹಿಡಿದು ಹಿಂದಕ್ಕೆ ಬಿಡಿಸುತ್ತ ಬಂದು ಆ ಪುಸ್ತಕದ ಮುಡಿಗೆ ಎಷ್ಟು ಸೇರು ಎಂದು ಕಂಡುಹಿಡಿಯಬಹುದು. ನಮ್ಮ ಲೆಕ್ಕದಲ್ಲಾದರೆ ೫೦-೧೨-೦ರಿಂದ ಹೊರಟವರು 42ಕ್ಕೇ ಬಂದು ತಲುಪುತ್ತಾರೆ.